ರಿಂಗ್ ಆಸಿಲೇಟರ್‌ಗೆ ಯಾವ ಇನ್ವರ್ಟರ್: CD4069UB ಅಥವಾ 74HC04?

ಬೆಸ ಸಂಖ್ಯೆಯ ಇನ್ವರ್ಟರ್‌ಗಳನ್ನು ಒಂದರ ಹಿಂದೊಂದು ಜೋಡಿಸಿ, ಕೊನೆಯದರ ಔಟ್‌ಪುಟ್ಟನ್ನು ಮೊದಲಿನದರ ಇನ್‌ಪುಟ್‌ಗೆ ಕೊಟ್ಟರೆ ಸರ್ಕ್ಯೂಟ್ ಎಲ್ಲೂ ನೆಲೆ ನಿಲ್ಲುವುದಿಲ್ಲ. ಹೊರಟ 1 ಒಂದು ಸುತ್ತು ಹಾಕಿ ಬರುವಾಗ 0 ಆಗಿರುತ್ತದೆ; ಮತ್ತೆ 1 ಆಗಲು ಇನ್ನೊಂದು ಸುತ್ತು ಬೇಕು. ಆವರ್ತನದ ಸೂತ್ರದಲ್ಲಿ 2 ಬರುವುದು ಇದರಿಂದಲೇ:

```
f = 1 / (2 × N × t)
```

N ಎಂದರೆ ಗೇಟ್‌ಗಳ ಸಂಖ್ಯೆ, t ಎಂದರೆ ಒಂದು ಗೇಟಿನ ವಿಳಂಬ. ಆರು ಇನ್ವರ್ಟರ್ ಜೋಡಿಸಿದರೆ ಸುತ್ತಿ ಬಂದ ಮಟ್ಟ ಹೊರಟ ಮಟ್ಟವೇ ಆಗಿರುತ್ತದೆ, ಸರ್ಕ್ಯೂಟ್ ಲ್ಯಾಚ್ ಆಗಿ ಕೂತುಬಿಡುತ್ತದೆ.

ಎರಡೂ ಐಸಿಗಳಲ್ಲಿ ಆರಾರು ಇನ್ವರ್ಟರ್‌ಗಳಿವೆ, ಪಿನ್‌ಗಳ ಕ್ರಮವೂ ಒಂದೇ. ಹಾಗಾಗಿ ವೈರ್ ಕದಲಿಸದೆ ಒಂದನ್ನು ಕಿತ್ತು ಇನ್ನೊಂದನ್ನು ಕೂರಿಸಿ ಹೋಲಿಸಬಹುದು. ಪಿನ್ 14ಕ್ಕೆ 5 ವೋಲ್ಟ್, ಪಿನ್ 7ಕ್ಕೆ ಗ್ರೌಂಡ್ ಕೊಟ್ಟು, ಇವೆರಡರ ನಡುವೆ ಐಸಿಗೆ ಅಂಟಿದಂತೆ 100 ನ್ಯಾನೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಹಾಕಿ. ಐದು ಗೇಟಿನ ರಿಂಗ್‌ಗೆ 2ರಿಂದ 3ಕ್ಕೆ, 4ರಿಂದ 5ಕ್ಕೆ, 6ರಿಂದ 9ಕ್ಕೆ, 8ರಿಂದ 11ಕ್ಕೆ, 10ರಿಂದ 1ಕ್ಕೆ ಗಿಡ್ಡ ವೈರ್‌ಗಳು. ಉಳಿದ ಆರನೇ ಗೇಟು ಬಫರ್: 10ರಿಂದ 13ಕ್ಕೆ ಒಂದು ವೈರ್ ಕೊಟ್ಟು, ಅಳತೆಯನ್ನು 12ರಲ್ಲೇ ಮಾಡಿ.

ಬಫರ್ ಬಿಟ್ಟು ಪ್ರೋಬನ್ನು ನೇರ ರಿಂಗ್‌ಗೆ ಚುಚ್ಚಿದರೆ ಲೆಕ್ಕವೇ ಕೆಡುತ್ತದೆ. 1x ಪ್ರೋಬ್ ಸುಮಾರು 100 ಪಿಕೋಫ್ಯಾರಡ್ ಹೊರೆ ಹೇರುತ್ತದೆ. ಆ ಒಂದು ಗೇಟಿನ ವಿಳಂಬ ಹಿಗ್ಗಿ ಆವರ್ತನ ಇಳಿಯುತ್ತದೆ. ಪ್ರೋಬ್ ಮುಟ್ಟಿಸಿದಾಗ, ತೆಗೆದಾಗ ಪಿನ್ 12ರ ಓದಿಕೆ ಬದಲಾದರೆ ಕಾರಣ ಇದೇ.

ಈಗ ಅಂಕಿಗಳು. 4069ರ ಡೇಟಾಶೀಟ್ ವಿಳಂಬ 5 ವೋಲ್ಟಿನಲ್ಲಿ ಸಾಮಾನ್ಯವಾಗಿ 55 ನ್ಯಾನೋಸೆಕೆಂಡ್. ಐದು ಗೇಟಿಗೆ ಆವರ್ತ 550 ನ್ಯಾನೋಸೆಕೆಂಡ್, ಅಂದರೆ 1.8 ಮೆಗಾಹರ್ಟ್ಸ್. ಬೋರ್ಡಿನ ಮೇಲೆ ಇದಕ್ಕಿಂತ ಹೆಚ್ಚೇ ಬರುತ್ತದೆ, ಗಾಬರಿ ಬೇಡ: 55 ಎಂಬುದು 50 ಪಿಕೋಫ್ಯಾರಡ್ ಹೊರೆಗೆ ಹೇಳಿದ್ದು, ರಿಂಗ್‌ನಲ್ಲಿ ಮುಂದಿನ ಗೇಟಿನ ಇನ್‌ಪುಟ್ ಮತ್ತು ಬೋರ್ಡಿನ ಪಟ್ಟಿ ಸೇರಿದರೂ ಅಷ್ಟಾಗುವುದಿಲ್ಲ. 74HC04ಗೆ 15 ಪಿಕೋಫ್ಯಾರಡ್ ಹೊರೆಯಲ್ಲಿ 7 ನ್ಯಾನೋಸೆಕೆಂಡ್. ಐದು ಗೇಟಿಗೆ ಸುಮಾರು 14.3 ಮೆಗಾಹರ್ಟ್ಸ್. ಇಲ್ಲಿ ಬ್ರೆಡ್‌ಬೋರ್ಡಿನ ಕೆಲವೇ ಪಿಕೋಫ್ಯಾರಡ್ ಕೂಡ ಹೊರೆಯ ದೊಡ್ಡ ಪಾಲು, ಹಾಗಾಗಿ ವೈರಿನ ಉದ್ದ ಬದಲಿಸಿದರೂ ಓದಿಕೆ ಜರುಗುತ್ತದೆ.

ಆಸಿಲೋಸ್ಕೋಪ್ ಇಲ್ಲದವರು ಪಿನ್ 12ನ್ನು ಎಣಿಕೆಯ ಐಸಿ 74HC4040ರ ಪಿನ್ 10ಕ್ಕೆ ಕೊಟ್ಟು, ಅದರ ಪಿನ್ 11ನ್ನು ಗ್ರೌಂಡ್ ಮಾಡಿ (8 ಗ್ರೌಂಡ್, 16 ಸಪ್ಲೈ), ಪಿನ್ 1ರಲ್ಲಿ ಆವರ್ತನ ಅಳೆಯುವ ಮಲ್ಟಿಮೀಟರ್ ಇಡಬಹುದು. ಅಲ್ಲಿ ಬರುವುದು 4096ರಿಂದ ಭಾಗಿಸಿದ ಆವರ್ತನ. ಉದಾಹರಣೆಗೆ ಮೀಟರ್ 732 ಹರ್ಟ್ಸ್ ತೋರಿಸಿದರೆ ರಿಂಗ್ ಓಡುತ್ತಿರುವುದು 3 ಮೆಗಾಹರ್ಟ್ಸ್‌ನಲ್ಲಿ. ಆವರ್ತ 333 ನ್ಯಾನೋಸೆಕೆಂಡ್, ಹತ್ತರಿಂದ ಭಾಗಿಸಿದರೆ ಗೇಟಿಗೆ 33.

ಈ 33ರಲ್ಲಿ ಬಫರ್ ಇನ್‌ಪುಟ್ಟಿನ ಹೊರೆಯೂ ಸೇರಿದೆ. ಅದನ್ನು ಕಳೆಯಲು ಮೂರು ಗೇಟಿನ ರಿಂಗನ್ನೂ ಅಳೆಯಿರಿ: 6, 8, 10ರಿಂದ ಹೊರಟ ಹಳೆಯ ವೈರ್‌ಗಳನ್ನು ಕಿತ್ತು, ಪಿನ್ 6ರಿಂದ 1ಕ್ಕೆ ಮತ್ತು 13ಕ್ಕೆ ವೈರ್, 9 ಮತ್ತು 11 ಗ್ರೌಂಡ್‌ಗೆ. ಐದು ಗೇಟಿನ ಆವರ್ತ T5, ಮೂರು ಗೇಟಿನದು T3 ಎಂದಿಟ್ಟುಕೊಳ್ಳಿ. ಬಫರ್ ಎರಡರಲ್ಲೂ ಇರುವುದರಿಂದ ವ್ಯತ್ಯಾಸದಲ್ಲಿ ಅದು ಬಹುಪಾಲು ಕಳೆದುಹೋಗುತ್ತದೆ:

```
t = (T5 − T3) / 4
```

ಈ ಪರೀಕ್ಷೆಯಲ್ಲಿ 74HC04 ಗೆಲ್ಲುತ್ತದೆ. ಅದರ ಒಂದೊಂದು ಗೇಟಿನೊಳಗೆ ಮೂರು ಹಂತಗಳಿವೆ, ಹಾಗಾಗಿ ಮೂರೇ ಗೇಟಿದ್ದರೂ ಏರಿಳಿತ ಚುರುಕು. 4069ರಲ್ಲಿ ಇರುವುದು ಒಂದೇ ಹಂತ, ವರ್ಧನೆ ಕಡಿಮೆ. ಮೂರು ಗೇಟಿನ ರಿಂಗ್‌ನಲ್ಲಿ ಔಟ್‌ಪುಟ್ ಸಪ್ಲೈಯವರೆಗೆ ಏರುವ ಮೊದಲೇ ಹಿಂದಿರುಗಬೇಕಾಗಿ ಅಲೆ ದುಂಡಗಾಗುತ್ತದೆ, T3 ಸ್ವಲ್ಪ ತಪ್ಪು ಹೇಳುತ್ತದೆ. 4069ಕ್ಕೆ ಐದು ಗೇಟೇ ಸರಿ.

ಒಳಗಿನ ಈ ಭೇದ ಒಂದೇ ಗೇಟಿನಲ್ಲಿ ಇನ್ನೂ ಸ್ಪಷ್ಟ. 4069ರ ಪಿನ್ 2ನ್ನು 1ಕ್ಕೆ ಜೋಡಿಸಿದರೆ ಅದು ಸಪ್ಲೈಯ ಅರ್ಧದ ಆಸುಪಾಸಿನಲ್ಲಿ ಸುಮ್ಮನೆ ನಿಲ್ಲುತ್ತದೆ, ಕರೆಂಟ್ ಮಾತ್ರ ಹರಿಯುತ್ತಿರುತ್ತದೆ. 74HC04 ಅದೇ ಜೋಡಣೆಯಲ್ಲಿ ಆಂದೋಲಿಸಬಹುದು, ಏಕೆಂದರೆ ಒಳಗೆ ಮೂರು ಇನ್ವರ್ಟರ್‌ಗಳ ರಿಂಗೇ ಇದೆ.

ಸಪ್ಲೈ ಬದಲಿಸಿ ವಿಳಂಬ ನೋಡಲು ಮಾತ್ರ 4069 ಬೇಕೇ ಬೇಕು. 10 ವೋಲ್ಟಿನಲ್ಲಿ ಅದರ ವಿಳಂಬ 30 ನ್ಯಾನೋಸೆಕೆಂಡಿಗೆ ಇಳಿದು, ಐದು ಗೇಟಿನ ಲೆಕ್ಕ 3.3 ಮೆಗಾಹರ್ಟ್ಸ್‌ಗೆ ಏರುತ್ತದೆ. ಆಗ ಎಣಿಕೆಯ ಐಸಿಯೂ CD4040B ಆಗಿರಬೇಕು. 74HC ಸರಣಿಯ ಐಸಿಗಳ ಮಿತಿ 6 ವೋಲ್ಟ್, 9 ವೋಲ್ಟ್ ಬ್ಯಾಟರಿ ತಗುಲಿಸಿದರೆ ಕೆಡುತ್ತವೆ. ಎರಡರಲ್ಲೂ ಐಸಿ ಬಿಸಿಯಾದಂತೆ ವಿಳಂಬ ಹೆಚ್ಚಿ ಆವರ್ತನ ಇಳಿಯುತ್ತದೆ, ಆದ್ದರಿಂದ T5, T3 ಎರಡನ್ನೂ ಒಂದೇ ಸಪ್ಲೈಯಲ್ಲಿ, ಹೆಚ್ಚು ಹೊತ್ತು ಬಿಡದೆ ಅಳೆಯಿರಿ.