ಕ್ರಿಯಾಟಿನ್, ಬಲವರ್ಧಕ ಟಾನಿಕ್, ಮಲ್ಟಿವಿಟಮಿನ್: ದೀರ್ಘ ಬಳಕೆಯ ನಂತರ ಉಳಿದದ್ದೇನು

ಮೊದಲೇ ಹೇಳಿಬಿಡುತ್ತೇನೆ. ಮೂರನ್ನೂ ಒಟ್ಟಿಗೆ ಬಹಳ ಕಾಲ ಬಳಸಿದ ಮೇಲೆ ಈಗ ದಿನವೂ ತೆಗೆದುಕೊಳ್ಳುತ್ತಿರುವುದು ಕ್ರಿಯಾಟಿನ್ ಒಂದನ್ನೇ. ಉಳಿದೆರಡೂ ಕೆಟ್ಟವೆಂದಲ್ಲ. ಅವುಗಳ ಡಬ್ಬಿಗಳ ಹಿಂಬದಿಯನ್ನು ಪಕ್ಕಪಕ್ಕದಲ್ಲಿಟ್ಟು ಓದಿದಾಗ ಒಂದೇ ಪದಾರ್ಥಕ್ಕೆ ಎರಡು ಮೂರು ಬಾರಿ ಹಣ ಕೊಡುತ್ತಿರುವುದು ಕಂಡಿತು. ಹಣಕ್ಕಿಂತ ಹೆಚ್ಚಾಗಿ ಪ್ರಮಾಣದ ಲೆಕ್ಕ ಕೈತಪ್ಪುತ್ತಿತ್ತು.

ಕ್ರಿಯಾಟಿನ್ ಬಗ್ಗೆ ಹೇಳುವುದು ಕಡಿಮೆ. ಬೇರೇನೂ ಬೆರೆಸದ ಕ್ರಿಯಾಟಿನ್ ಮೊನೊಹೈಡ್ರೇಟ್ ಪುಡಿ, ದಿನಕ್ಕೆ 3ರಿಂದ 5 ಗ್ರಾಂ, ನೀರಿನಲ್ಲಿ ಕದಡಿ ಕುಡಿದರೆ ಮುಗಿಯಿತು. ಮೊದಲ ವಾರ ದಿನಕ್ಕೆ 20 ಗ್ರಾಂ ತೆಗೆದುಕೊಳ್ಳುವ ಪದ್ಧತಿಯೂ ಉಂಟು. ಅದರಿಂದ ಸ್ನಾಯುಗಳಲ್ಲಿ ಕ್ರಿಯಾಟಿನ್ ಬೇಗ ತುಂಬಿಕೊಳ್ಳುತ್ತದೆ ಅಷ್ಟೇ. ಕಡಿಮೆ ಪ್ರಮಾಣದಲ್ಲಿ ಮೂರು ನಾಲ್ಕು ವಾರಗಳಲ್ಲಿ ಅಲ್ಲಿಗೇ ತಲುಪುತ್ತೇವೆ, ಹೊಟ್ಟೆಯೂ ಕೆಡುವುದಿಲ್ಲ. ಭಾರ ಎತ್ತುವಾಗ ಕೊನೆಯ ಒಂದೆರಡು ಎತ್ತುಗಳಿಗೆ ಕಸುವು ಉಳಿಯುತ್ತದೆ. ಇದಕ್ಕಿಂತ ದೊಡ್ಡ ಪವಾಡವನ್ನು ನಾನು ಕಾಣಲಿಲ್ಲ, ನಿರೀಕ್ಷಿಸಿಯೂ ಇರಲಿಲ್ಲ.

ನಿಜವಾದ ಗೋಜಲು ಉಳಿದ ಡಬ್ಬಿಗಳಲ್ಲಿದೆ. ಗಿಡಮೂಲಿಕೆ ಟಾನಿಕ್‌ಗಳಲ್ಲಿ ಸಾಮಾನ್ಯವಾಗಿ ಕ್ರಿಯಾಟಿನ್ ಇರುವುದಿಲ್ಲ, ಹಾಗಾಗಿ ಅದು ದುಪ್ಪಟ್ಟಾಗುವ ಭಯವಿಲ್ಲ. ದುಪ್ಪಟ್ಟಾಗುವುದು ಅಶ್ವಗಂಧ ಮತ್ತು ಸತು. ಅಶ್ವಗಂಧ ಟಾನಿಕ್‌ನಲ್ಲಿ ಇದ್ದೇ ಇರುತ್ತದೆ. ಈಚೆಗೆ ಹಲವು ಮಲ್ಟಿವಿಟಮಿನ್‌ಗಳಿಗೂ, ಸುವಾಸನೆ ಬೆರೆಸಿದ ಕ್ರಿಯಾಟಿನ್ ಮಿಶ್ರಣಗಳಿಗೂ ಅದನ್ನು ಸೇರಿಸುತ್ತಿದ್ದಾರೆ. ಒಂದರಲ್ಲಿ ಅಶ್ವಗಂಧ ಎಂದೇ ಬರೆದಿದ್ದರೆ ಇನ್ನೊಂದರಲ್ಲಿ ವಿಥಾನಿಯಾ ಸೋಮ್ನಿಫೆರಾ ಎಂದು ಸಸ್ಯಶಾಸ್ತ್ರೀಯ ಹೆಸರಿರುತ್ತದೆ. ಶಿಲಾಜಿತು ಆಸ್ಫಾಲ್ಟಮ್ ಎಂಬ ಹೆಸರಿನಲ್ಲಿ ಅಡಗಿರುತ್ತದೆ.

ಹೆಸರು ಒಂದೇ ಎಂದು ಮಿಲಿಗ್ರಾಂಗಳನ್ನು ಹಾಗೆಯೇ ಕೂಡಿಸುವಂತೆಯೂ ಇಲ್ಲ. ಬೇರಿನ ಚೂರ್ಣ ಬೇರೆ, ಅದರಿಂದ ತೆಗೆದ ಸಾರ ಬೇರೆ. ಆಯುರ್ವೇದದಲ್ಲಿ ಚೂರ್ಣದ ಪ್ರಮಾಣವೇ ದಿನಕ್ಕೆ 3ರಿಂದ 6 ಗ್ರಾಂ. ಸಾರವನ್ನಾದರೆ ಪ್ರಯೋಗಗಳಲ್ಲಿ ಹೆಚ್ಚಾಗಿ 300ರಿಂದ 600 ಮಿಲಿಗ್ರಾಂ ಕೊಟ್ಟು ನೋಡಿದ್ದಾರೆ. ಆದ್ದರಿಂದ ಟಾನಿಕ್‌ನ ಲೇಬಲ್‌ನಲ್ಲಿ 500 ಮಿಲಿಗ್ರಾಂ ಚೂರ್ಣ ಎಂದಿದ್ದರೆ ಅದು ಹೆಸರಿಗಷ್ಟೇ. 500 ಮಿಲಿಗ್ರಾಂ ಸಾರ ಎಂದಿದ್ದರೆ ಅದೊಂದೇ ಪೂರ್ತಿ ದಿನದ ಪಾಲು, ಮೇಲೆ ಇನ್ನೊಂದು ಮಾತ್ರೆಯ ಅಗತ್ಯವಿಲ್ಲ. ಯಾವುದೆಂದು ಹೇಳದ ಲೇಬಲ್‌ಗಳೇ ಹೆಚ್ಚು, ಅಂಥವನ್ನು ನಾನು ಕೊಳ್ಳುವುದಿಲ್ಲ. ಅಶ್ವಗಂಧದ ಸಾರ ನಿದ್ದೆ ತರಬಲ್ಲದು, ಥೈರಾಯ್ಡ್ ಹಾರ್ಮೋನನ್ನು ಏರಿಸಬಲ್ಲದು, ಅಪರೂಪಕ್ಕೆ ಯಕೃತ್ತಿಗೆ ಪೆಟ್ಟು ಕೊಟ್ಟ ವರದಿಗಳೂ ಇವೆ. ಥೈರಾಯ್ಡ್ ಮಾತ್ರೆ ನುಂಗುವವರು, ಗರ್ಭಿಣಿಯರು ಇದರಿಂದ ದೂರವಿರುವುದೇ ಸರಿ. ಕಣ್ಣು ಹಳದಿಯಾದರೆ, ಮೂತ್ರ ಕಡುಬಣ್ಣಕ್ಕೆ ತಿರುಗಿದರೆ ಡಬ್ಬಿ ಮುಚ್ಚಿಟ್ಟು ವೈದ್ಯರ ಬಳಿ ಹೋಗಬೇಕು.

ಸತುವಿನ ಲೆಕ್ಕ ಇನ್ನೂ ಮೋಸದ್ದು. ನನ್ನ ಮಲ್ಟಿವಿಟಮಿನ್ ಗುಳಿಗೆಯಲ್ಲಿ ಜಿಂಕ್ ಸಲ್ಫೇಟ್ ಮೊನೊಹೈಡ್ರೇಟ್ 61.8 ಮಿಲಿಗ್ರಾಂ ಎಂದಿತ್ತು. ಅದು ಲವಣದ ತೂಕ. ಅದರಲ್ಲಿ ಸತುವಿನ ಪಾಲು ಶೇಕಡಾ 36ರಷ್ಟು, ಅಂದರೆ ಸುಮಾರು 22.5 ಮಿಲಿಗ್ರಾಂ. ಬಲವರ್ಧಕ ಮಾತ್ರೆಯ ಪಟ್ಟಿಯಲ್ಲಿ ಜಿಂಕ್ ಎಂಬ ಪದವೇ ಇರಲಿಲ್ಲ. ಯಶದ ಭಸ್ಮ 10 ಮಿಲಿಗ್ರಾಂ ಎಂದಿತ್ತು. ಯಶದ ಎಂದರೆ ಸತುವೇ. ಭಸ್ಮದ ಬಹುಪಾಲು ಜಿಂಕ್ ಆಕ್ಸೈಡ್, ಅದರಲ್ಲಿ ಶೇಕಡಾ 80ರಷ್ಟು ಸತು. ದಿನಕ್ಕೆ ಎರಡು ಮಾತ್ರೆಯೆಂದರೆ 16 ಮಿಲಿಗ್ರಾಂ. ಆಗ ಬಳಸುತ್ತಿದ್ದ ಹಣ್ಣಿನ ರುಚಿಯ ಕ್ರಿಯಾಟಿನ್ ಮಿಶ್ರಣದಲ್ಲಿ ಮತ್ತೆ 5. ಒಟ್ಟು 43.5 ಮಿಲಿಗ್ರಾಂ, ಊಟದಿಂದ ಬರುವುದನ್ನು ಬಿಟ್ಟು. ವಯಸ್ಕರಿಗೆ ದಿನದ ಗರಿಷ್ಠ ಮಿತಿಯನ್ನು ಅಮೆರಿಕದಲ್ಲಿ 40 ಎಂದೂ ಯುರೋಪಿನಲ್ಲಿ 25 ಎಂದೂ ಇಟ್ಟಿದ್ದಾರೆ. ಒಂದು ವಾರ ಇಷ್ಟಾದರೆ ದೊಡ್ಡ ತೊಂದರೆಯಿಲ್ಲ, ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬರಬಹುದು. ತಿಂಗಳುಗಟ್ಟಲೆ ನಡೆದರೆ ಸತು ಕರುಳಿನಲ್ಲಿ ತಾಮ್ರದ ಹೀರಿಕೆಯನ್ನು ತಡೆಯುತ್ತದೆ. ತಾಮ್ರದ ಕೊರತೆಯಿಂದ ರಕ್ತಹೀನತೆ, ಕಾಲುಗಳಲ್ಲಿ ಜೋಮು ಕಾಣಿಸಿಕೊಳ್ಳುತ್ತವೆ. ಸುಸ್ತಾಗಿದೆಯೆಂದು ಇನ್ನೊಂದು ಟಾನಿಕ್ ತಂದವನ ಗತಿ ಏನಾಗುತ್ತದೆಂದು ಊಹಿಸಿಕೊಳ್ಳಿ. ಲೋಹ ಭಸ್ಮ, ಮಂಡೂರ ಭಸ್ಮ ಎಂದಿದ್ದರೆ ಕಬ್ಬಿಣಕ್ಕೂ ಇದೇ ಲೆಕ್ಕ.

ಇನ್ನೊಂದು ಗೊಂದಲ ರಕ್ತಪರೀಕ್ಷೆಯಲ್ಲಿ ಎದುರಾಗುತ್ತದೆ. ಕ್ರಿಯಾಟಿನ್ ದೇಹದಲ್ಲಿ ತಾನಾಗಿಯೇ ಕ್ರಿಯಾಟಿನೈನ್ ಆಗುತ್ತದೆ. ಮೂತ್ರಪಿಂಡ ಹೇಗಿದೆ ಎಂದು ಅಳೆಯುವುದೂ ಅದೇ ಕ್ರಿಯಾಟಿನೈನ್‌ನಿಂದ. ಆದ್ದರಿಂದ ಮೂತ್ರಪಿಂಡ ಸರಿಯಾಗಿದ್ದರೂ ಅಂಕಿ ತುಸು ಏರಿರಬಹುದು. ನನ್ನದೂ ಏರಿತ್ತು. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ, “ಕ್ರಿಯಾಟಿನ್ ಒಂದೇ ತೆಗೆದುಕೊಳ್ಳುತ್ತೀರೋ, ಭಸ್ಮ ಸೇರಿದ ಔಷಧಿಯೂ ಇದೆಯೋ?” ಪ್ರಶ್ನೆ ಸರಿಯಾಗಿಯೇ ಇತ್ತು. ಕ್ರಿಯಾಟಿನ್ ಒಂದೇ ಆಗಿದ್ದರೆ ಅನುಮಾನ ಅದರ ಮೇಲೆ. ಸರಿಯಾಗಿ ಶುದ್ಧಿಯಾಗದ ಭಸ್ಮದಲ್ಲೋ ಶಿಲಾಜಿತುವಿನಲ್ಲೋ ಸೀಸ, ಪಾದರಸದಂಥ ಲೋಹಗಳಿದ್ದರೆ ಮೂತ್ರಪಿಂಡಕ್ಕೆ ನಿಜವಾಗಿಯೇ ಹಾನಿಯಾಗಿರಬಹುದು, ಕ್ರಿಯಾಟಿನೈನ್ ಆಗಲೂ ಹೀಗೆಯೇ ಏರುತ್ತದೆ. ಅವರು ಸಿಸ್ಟಾಟಿನ್ ಸಿ ಪರೀಕ್ಷೆಯನ್ನೂ ಮೂತ್ರದಲ್ಲಿ ಆಲ್ಬುಮಿನ್ ಇದೆಯೇ ಎಂಬ ಪರೀಕ್ಷೆಯನ್ನೂ ಬರೆದುಕೊಟ್ಟರು. ಸಿಸ್ಟಾಟಿನ್ ಸಿ ಕೂಡ ಮೂತ್ರಪಿಂಡದ ಸ್ಥಿತಿಯನ್ನೇ ತೋರಿಸುತ್ತದೆ, ಆದರೆ ಕ್ರಿಯಾಟಿನ್ ಸೇವನೆಯಿಂದ ಏರುವುದಿಲ್ಲ. ಎರಡೂ ಸರಿಯಾಗಿದ್ದವು. ಮೊದಲಿನಿಂದಲೇ ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳದೆ ಕ್ರಿಯಾಟಿನ್ ಆರಂಭಿಸಬಾರದು.

ಲೇಬಲ್ ಇದ್ದವುಗಳ ಕಥೆ ಇದಾಯಿತು. ಪಟ್ಟಿಯೇ ಇಲ್ಲದ, ಮೈ ತುಂಬಿಸುತ್ತದೆಂದು ಮಾರುವ ಪುಡಿ ಮತ್ತು ಟಾನಿಕ್‌ಗಳನ್ನು ನಾನು ಮುಟ್ಟಲಿಲ್ಲ. “ಗಿಡಮೂಲಿಕೆ ತಾನೇ, ಏನೂ ಆಗುವುದಿಲ್ಲ” ಎಂಬ ಅಂಗಡಿಯವರ ಮಾತು ನನಗೆ ಸಾಲದು. ಅಂಥವುಗಳಲ್ಲಿ ಸ್ಟೆರಾಯ್ಡ್ ಬೆರೆಸಿದ್ದು ಹಲವೆಡೆ ಪತ್ತೆಯಾಗಿದೆ. ಜೊತೆಗೆ ಕ್ರಿಯಾಟಿನ್ ಕೂಡ ತೆಗೆದುಕೊಳ್ಳುತ್ತಿದ್ದರೆ ಏರಿದ ತೂಕ ಯಾವುದರಿಂದ ಎಂದು ತಿಳಿಯುವುದು ಕಷ್ಟ. ಗುರುತು ಹೀಗಿದೆ: ಕ್ರಿಯಾಟಿನ್‌ನಿಂದ ಮೊದಲ ಕೆಲವು ವಾರಗಳಲ್ಲಿ ಒಂದೆರಡು ಕಿಲೋ ನೀರಿನ ತೂಕ ಏರಿ ನಿಲ್ಲುತ್ತದೆ, ಮುಖ ಬದಲಾಗುವುದಿಲ್ಲ. ತೂಕ ಏರುತ್ತಲೇ ಇದ್ದು, ಅತಿಯಾದ ಹಸಿವು, ದುಂಡಗೆ ಊದಿದ ಮುಖ ಕಂಡರೆ ಟಾನಿಕ್ ಮೇಲೆ ಸಂಶಯಪಡಬೇಕು. ಬಹಳ ದಿನ ಸೇವಿಸಿದವರು ಅದನ್ನು ಥಟ್ಟನೆ ನಿಲ್ಲಿಸಬಾರದು, ಬಾಟಲಿಯ ಸಮೇತ ವೈದ್ಯರನ್ನು ಕಾಣಬೇಕು. ಸ್ಟೆರಾಯ್ಡ್ ಒಮ್ಮೆಲೇ ನಿಂತರೆ ಅದೂ ಅಪಾಯವೇ.

ಈಗ ನನ್ನ ಬಳಿ ಇರುವುದು ಬೇರೇನೂ ಬೆರೆಸದ ಕ್ರಿಯಾಟಿನ್. ಅಶ್ವಗಂಧ ಬೇಕೆನಿಸಿದಾಗ ಸಾರದ ಪ್ರಮಾಣ ಬರೆದಿರುವ ಗುಳಿಗೆಯನ್ನು ಕೆಲವು ವಾರ ಮಾತ್ರ ತೆಗೆದುಕೊಳ್ಳುತ್ತೇನೆ. ಹೊಸದೇನನ್ನಾದರೂ ಆರಂಭಿಸಿದರೆ ಒಂದೇ ಬಾರಿಗೆ ಎರಡನ್ನು ಸೇರಿಸುವುದಿಲ್ಲ. ಮಲ್ಟಿವಿಟಮಿನ್ ಅನ್ನು ರಕ್ತಪರೀಕ್ಷೆಯಲ್ಲಿ ಕೊರತೆ ಕಂಡಾಗ ಮಾತ್ರ ಕೊಳ್ಳುತ್ತೇನೆ, ಕೊಂಡಾಗಲೆಲ್ಲ ಪಟ್ಟಿಯನ್ನು ಹೊಸದಾಗಿ ಓದುತ್ತೇನೆ: ಕಳೆದ ಸಲ ಅದೇ ಹೆಸರು, ಅದೇ ಬಣ್ಣದ ಡಬ್ಬಿಯ ಕೊನೆಯ ಸಾಲಿನಲ್ಲಿ ಅಶ್ವಗಂಧದ ಸಾರ ಹೊಸದಾಗಿ ಸೇರಿತ್ತು.