ಹತ್ತಿ ಬೆಡ್‌ಶೀಟ್‌ನ ರಕ್ತದ ಕಲೆ: ತಣ್ಣೀರಿಗೂ ಬಿಸಿನೀರಿಗೂ ಇರುವ ಅಂತರ

ಮಗನಿಗೆ ಒಂದು ರಾತ್ರಿ ನಿದ್ದೆಯಲ್ಲೇ ಮೂಗಿನಿಂದ ರಕ್ತ ಸುರಿದು, ಬಿಳಿ ಹತ್ತಿಯ ಬೆಡ್‌ಶೀಟ್ ಮೇಲೆ ಅಂಗೈಯಗಲದ ಕಲೆಯಾಯಿತು. ಬಿಳಿ ಬಟ್ಟೆಗೆ ಬಿಸಿನೀರೇ ಸರಿ ಎಂಬ ಹಳೆಯ ಅಭ್ಯಾಸದಿಂದ ನಾನು ಅದನ್ನು ನೇರವಾಗಿ ವಾಷಿಂಗ್ ಮಷೀನ್‌ಗೆ ಹಾಕಿ 60 ಡಿಗ್ರಿಗೆ ತಿರುಗಿಸಿದೆ. ಹೊರತೆಗೆದಾಗ ಕೆಂಪು ಹೋಗಿತ್ತು. ಆದರೆ ಅದೇ ಆಕಾರದಲ್ಲಿ, ಅಷ್ಟೇ ಅಗಲದಲ್ಲಿ, ಮಾಸಲು ಕಂದು ಬಣ್ಣದ ಗುರುತೊಂದು ನೂಲಿನೊಳಗೆ ಕುಳಿತಿತ್ತು. ಆಮೇಲೆ ಮೂರು ಸಲ ಒಗೆದರೂ ಅದು ಕದಲಲಿಲ್ಲ.

ಆ ಬೆಡ್‌ಶೀಟ್ ಇನ್ನು ಹಾಸಲು ಬಾರದು ಎಂದು ಖಚಿತವಾದ ಮೇಲೆ, ಅದರ ಕಲೆಯಿಲ್ಲದ ಭಾಗವನ್ನು ಕತ್ತರಿಸಿ ಪಟ್ಟಿಗಳನ್ನು ಮಾಡಿಕೊಂಡೆ. ಸಕ್ಕರೆ ಅಂಶ ಪರೀಕ್ಷಿಸಲು ಬಳಸುವ ಸಣ್ಣ ಸೂಜಿಯಿಂದ ಬೆರಳು ಚುಚ್ಚಿ, ಒಂದೊಂದು ಪಟ್ಟಿಯ ಮೇಲೂ ಎರಡೆರಡು ಹನಿ ರಕ್ತ ಬೀಳಿಸಿ, ಅರ್ಧ ಗಂಟೆ ಬಿಟ್ಟೆ. ಒಂದು ಪಟ್ಟಿಯನ್ನು ಮಾತ್ರ ರಾತ್ರಿಯಿಡೀ ಒಣಗಲು ಇಟ್ಟೆ. ಒಟ್ಟು ಐದು ವಿಧಾನಗಳನ್ನು ಹೋಲಿಸಿ ನೋಡಿದೆ: ನಲ್ಲಿಯ ತಣ್ಣೀರು, ಉಗುರುಬೆಚ್ಚಗಿನ ನೀರು, ಬಿಸಿನೀರು, ಹೈಡ್ರೋಜನ್ ಪೆರಾಕ್ಸೈಡ್, ಎಂಜೈಮ್ ಇರುವ ಡಿಟರ್ಜೆಂಟ್. ನನ್ನ ಒಲವು ತಣ್ಣೀರಿನ ಕಡೆಗೇ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಉಳಿದವು ಅದರ ಹಿಂದೆ ನಿಲ್ಲತಕ್ಕವು. ಬಿಸಿನೀರಂತೂ ಆ ಸಾಲಿಗೇ ಸೇರುವುದಿಲ್ಲ.

ಬಿಸಿನೀರಿನ ಪಟ್ಟಿಯನ್ನು ಥರ್ಮಾಮೀಟರ್ ಇಟ್ಟು ಅಳೆದ 70 ಡಿಗ್ರಿ ನೀರಿನಲ್ಲಿ ಅದ್ದಿದೆ. ಕಲೆ ಕಣ್ಣೆದುರಿಗೇ ಕೆಂಪಿನಿಂದ ಕಂದಿಗೆ ತಿರುಗಿತು, ಆದರೆ ನೀರಿಗೆ ಬಣ್ಣವೇ ಬಿಡಲಿಲ್ಲ. ಇದರಲ್ಲೇ ಎಲ್ಲ ಉತ್ತರವೂ ಇದೆ. ರಕ್ತದ ಕೆಂಪಿಗೆ ಕಾರಣವಾದ ಹಿಮೋಗ್ಲೋಬಿನ್ ಒಂದು ಪ್ರೋಟೀನು. ರಕ್ತದ ದ್ರವಭಾಗದಲ್ಲಿರುವ ಆಲ್ಬುಮಿನ್ ಕೂಡ ಪ್ರೋಟೀನೇ. ಇವು ಮಡಿಚಿಟ್ಟ ನೂಲಿನ ಉಂಡೆಗಳಂತಿದ್ದು, ನೀರಿಗೆ ಒಗ್ಗುವ ಭಾಗಗಳನ್ನು ಹೊರಗೂ ಒಗ್ಗದ ಭಾಗಗಳನ್ನು ಒಳಗೂ ಇಟ್ಟುಕೊಂಡಿರುವುದರಿಂದಲೇ ನೀರಿನಲ್ಲಿ ಸುಲಭವಾಗಿ ಕರಗುತ್ತವೆ. ಶಾಖ ಸುಮಾರು 60 ಡಿಗ್ರಿ ದಾಟುವ ಹೊತ್ತಿಗೆ ಈ ಮಡಿಕೆಗಳು ಬಿಚ್ಚಿಕೊಳ್ಳತೊಡಗುತ್ತವೆ. ಆಗ ಒಳಗಿದ್ದ ಭಾಗಗಳು ಹೊರಬಂದು, ನೀರಿನಿಂದ ತಪ್ಪಿಸಿಕೊಳ್ಳಲು ಒಂದಕ್ಕೊಂದು ಅಂಟಿಕೊಂಡು ಗಟ್ಟಿಯಾಗುತ್ತವೆ. ಬೇಯಿಸಿದ ಮೊಟ್ಟೆಯ ಬಿಳಿಭಾಗವನ್ನು ತಣ್ಣಗಾದ ಮೇಲೆ ಮತ್ತೆ ದ್ರವವಾಗಿಸಲು ಸಾಧ್ಯವಿಲ್ಲದಿರುವುದೂ ಇದೇ ಕಾರಣಕ್ಕೆ. ಹತ್ತಿಯ ಎಳೆಗಳು ನೀರು ಕುಡಿದು ಉಬ್ಬುವ ಸ್ವಭಾವದವು. ರಕ್ತ ಆ ಎಳೆಗಳ ನಡುವಿನ ಸಂದುಗಳಿಗೆಲ್ಲ ಇಳಿದಿರುವಾಗ ಅಲ್ಲೇ ಗಟ್ಟಿಗೊಂಡರೆ, ಆಮೇಲೆ ಬರುವ ನೀರು ಅದರ ಮೇಲೆ ಹರಿದುಹೋಗುತ್ತದೆಯೇ ಹೊರತು ಅದನ್ನು ಕರಗಿಸುವುದಿಲ್ಲ.

ತಣ್ಣೀರಿನ ಪಟ್ಟಿಯಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಬಟ್ಟಲಿನಲ್ಲಿ ಅದ್ದಿದ ಕೂಡಲೇ ಕಲೆಯಿಂದ ಕೆಂಪು ಎಳೆಗಳು ಹೊರಟು ತಳಕ್ಕಿಳಿದವು. ಉಪ್ಪಿಲ್ಲದ ನೀರಿನಲ್ಲಿ ಕೆಂಪು ರಕ್ತಕಣಗಳು ನೀರು ಹೀರಿ ಉಬ್ಬಿ ಒಡೆಯುತ್ತವೆ, ಒಳಗಿನ ಹಿಮೋಗ್ಲೋಬಿನ್ ನೀರಿಗೆ ಬಿಡುಗಡೆಯಾಗುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೀರು ಬದಲಿಸುತ್ತ ಮೂರು ಸಲ ನೆನೆಸಿದೆ. ಮೂರನೆಯ ನೀರು ತಿಳಿಯಾಗಿಯೇ ಉಳಿಯಿತು. ಸೋಪು ಹಾಕಿದ್ದು ಅದಾದ ಮೇಲೆ, ಅದೂ ಒಮ್ಮೆ ಮಾತ್ರ. ಮಂಜುಗಡ್ಡೆ ಹಾಕುವ ಅಗತ್ಯವಿಲ್ಲ, ನಲ್ಲಿಯಿಂದ ಬರುವ ನೀರೇ ಸಾಕು; ತೀರ ತಣ್ಣಗಿನ ನೀರಿನಲ್ಲಿ ಕರಗುವಿಕೆ ನಿಧಾನವಾಗುತ್ತದೆಯಷ್ಟೆ.

ಇಷ್ಟಾದರೂ ತಣ್ಣೀರಿನ ವಿಧಾನದಲ್ಲಿ ನನ್ನನ್ನು ಬಹಳ ಕಾಡಿದ ಒಂದು ತೊಡಕಿದೆ. ಅದನ್ನು ವಿವರವಾಗಿಯೇ ಹೇಳಬೇಕು. ಕೆಲವು ವಾರಗಳ ನಂತರ ಮತ್ತೊಂದು ಬೆಡ್‌ಶೀಟ್‌ಗೆ ರಕ್ತ ತಗುಲಿತು. ಈ ಸಲ ಪಾಠ ಕಲಿತವಳಂತೆ, ಕಲೆಯ ನಡುವೆ ಒದ್ದೆ ಬಟ್ಟೆಯಿಂದ ತಣ್ಣೀರು ಒತ್ತಿ ಒತ್ತಿ ತೆಗೆದೆ. ಕೆಂಪು ಪೂರ್ತಿ ಹೋಯಿತು. ಒಗೆದು, ಒಣಗಿಸಿ, ಇಸ್ತ್ರಿ ಮಾಡಿ ಹಾಸಿದ ಮೇಲೆ ನೋಡಿದರೆ, ಕಲೆಯಿದ್ದ ಜಾಗದ ಸುತ್ತ, ಅದಕ್ಕಿಂತ ಎರಡು ಬೆರಳಷ್ಟು ಹೊರಗೆ, ತೆಳು ಹಳದಿ ಬಣ್ಣದ ಬಳೆಯಂಥ ಗೆರೆಯೊಂದು ಎದ್ದು ಕಾಣುತ್ತಿತ್ತು.

ಆ ಗೆರೆಗೆ ಎರಡು ಕಾರಣಗಳು ಕೂಡಿಕೊಂಡಿದ್ದವು ಎಂಬುದು ಪಟ್ಟಿಗಳ ಮೇಲೆ ಮತ್ತೆ ಪ್ರಯತ್ನಿಸಿದಾಗ ತಿಳಿಯಿತು. ರಕ್ತ ಬಟ್ಟೆಯ ಮೇಲೆ ಹೆಪ್ಪುಗಟ್ಟುವಾಗ ಅದರ ತಿಳಿ ಹಳದಿ ದ್ರವಭಾಗ ಬೇರ್ಪಟ್ಟು, ಕೆಂಪು ಭಾಗಕ್ಕಿಂತ ಹೆಚ್ಚು ದೂರ ಹತ್ತಿಯಲ್ಲಿ ಹರಡುತ್ತದೆ. ಅಂದರೆ ಕಣ್ಣಿಗೆ ಕಾಣುವ ಕಲೆಗಿಂತ ನಿಜವಾದ ಕಲೆ ದೊಡ್ಡದು. ಎರಡನೆಯದಾಗಿ, ನಡುವೆ ಮಾತ್ರ ನೀರು ಒತ್ತಿದಾಗ ಆ ನೀರು ನೂಲಿನ ಸಂದುಗಳ ಮೂಲಕ ಹೊರಮುಖವಾಗಿ ಸಾಗುತ್ತ, ಕರಗಿಸಿಕೊಂಡ ಪ್ರೋಟೀನನ್ನೂ ಜೊತೆಗೆ ಒಯ್ಯುತ್ತದೆ. ಒದ್ದೆ ಎಲ್ಲಿ ಕೊನೆಯಾಗಿ ಒಣಗತೊಡಗುತ್ತದೆಯೋ ಅಲ್ಲಿ ತನ್ನ ಹೊರೆಯನ್ನು ಇಳಿಸಿ ಆವಿಯಾಗುತ್ತದೆ. ನಾನು ಕಲೆಯನ್ನು ತೆಗೆದಿರಲಿಲ್ಲ, ಅದರ ಒಂದು ಪಾಲನ್ನು ಅಂಚಿಗೆ ಸಾಗಿಸಿದ್ದೆ. ಆಮೇಲಿನ ಒಗೆತ ಅದನ್ನು ಪೂರ್ತಿ ಹೊರದೂಡಲು ಸಾಲಲಿಲ್ಲ. ಉಳಿದದ್ದನ್ನು ಇಸ್ತ್ರಿಯ ಶಾಖ ಅಲ್ಲೇ ಗಟ್ಟಿಗೊಳಿಸಿತು. ಮೊದಲ ಬೆಡ್‌ಶೀಟ್‌ಗೆ ಮಷೀನ್ ಮಾಡಿದ್ದನ್ನೇ ಎರಡನೆಯದಕ್ಕೆ ಇಸ್ತ್ರಿ ಪೆಟ್ಟಿಗೆ ಮಾಡಿತ್ತು.

ಇದಕ್ಕೆ ಪರಿಹಾರ ನೀರನ್ನು ಹಾಯಿಸುವ ದಿಕ್ಕಿನಲ್ಲಿದೆ. ಬೆಡ್‌ಶೀಟನ್ನು ಹಾಸಿಗೆಯಿಂದ ಮೊದಲು ತೆಗೆದುಬಿಡಬೇಕು. ಕಲೆಯಾದ ಜಾಗವನ್ನು ತಿರುವಿ ಹಿಡಿದು, ರಕ್ತ ಬಿದ್ದ ಮುಖ ಕೆಳಗಿರುವಂತೆ ಮಾಡಿ, ಹಿಂಬದಿಯಿಂದ ನಲ್ಲಿಯ ನೀರನ್ನು ಜೋರಾಗಿ ಬಿಡಬೇಕು. ಹಾಗೆ ಮಾಡಿದರೆ ನೀರು ಬಟ್ಟೆಯನ್ನು ಅಡ್ಡಲಾಗಿ ಹರಡಿಕೊಂಡು ಹೋಗದೆ, ದಾಟಿ ಕೆಳಗೆ ಬೀಳುತ್ತದೆ, ರಕ್ತವೂ ಬಂದ ದಾರಿಯಲ್ಲೇ ಹಿಂತಿರುಗುತ್ತದೆ. ಬಳಿಕ ಕಲೆಯ ಸುತ್ತ ಒಂದು ಅಂಗೈಯಷ್ಟು ಹೆಚ್ಚಿನ ಜಾಗವೂ ಮುಳುಗುವಂತೆ ಬಕೆಟ್ಟಿನಲ್ಲಿ ನೆನೆಸಬೇಕು. ಇದೇ ಕ್ರಮದಲ್ಲಿ ಮಾಡಿದ ಪಟ್ಟಿಯಲ್ಲಿ ಗೆರೆ ಉಳಿಯಲಿಲ್ಲ.

ಒದ್ದೆ ಬಟ್ಟೆಯನ್ನು ನೋಡಿ ಕಲೆ ಹೋಯಿತೆಂದು ತೀರ್ಮಾನಿಸಬಾರದು, ಏಕೆಂದರೆ ನೀರು ಕುಡಿದ ಹತ್ತಿಯಲ್ಲಿ ತೆಳು ಹಳದಿ ಬಣ್ಣ ಕಾಣುವುದೇ ಇಲ್ಲ. ಶಾಖ ಕೊಡದೆ, ಗಾಳಿಯಲ್ಲಿ ಒಣಗಿಸಿ, ಕಿಟಕಿಯ ಬೆಳಕಿಗೆ ಅಡ್ಡಹಿಡಿದು ನೋಡಬೇಕು. ಬೆರಳಿನಿಂದ ಮುಟ್ಟಿಯೂ ನೋಡುತ್ತೇನೆ: ಪ್ರೋಟೀನ್ ಉಳಿದಿರುವ ಕಡೆ ಬಟ್ಟೆ ಸುತ್ತಲಿನದಕ್ಕಿಂತ ಗಡುಸಾಗಿರುತ್ತದೆ.

ಉಗುರುಬೆಚ್ಚಗಿನ, ಅಂದರೆ 40 ಡಿಗ್ರಿಗಿಂತ ಕಡಿಮೆಯ ನೀರಿನಲ್ಲೂ ಹಸಿ ಕಲೆ ಚೆನ್ನಾಗಿಯೇ ಹೋಯಿತು ಎಂಬುದನ್ನು ನ್ಯಾಯವಾಗಿ ಹೇಳಬೇಕು. ಕೆಡಿಸುವುದು ಬೆಚ್ಚಗಿನ ಸ್ಪರ್ಶವಲ್ಲ, ಪ್ರೋಟೀನ್ ಬಿಚ್ಚಿಕೊಳ್ಳುವಷ್ಟು ಶಾಖ. ಆದರೆ ಅವಸರದಲ್ಲಿ ಯಾರೂ ನೀರಿನ ಶಾಖವನ್ನು ಅಳೆಯುವುದಿಲ್ಲ, ಬೆಚ್ಚಗಿನ ನೀರಿನಿಂದ ಹೆಚ್ಚುವರಿ ಲಾಭವೂ ನನಗೆ ಕಾಣಲಿಲ್ಲ. ಆದ್ದರಿಂದ ಅದನ್ನು ಬಿಟ್ಟೆ.

ಹೈಡ್ರೋಜನ್ ಪೆರಾಕ್ಸೈಡ್ ನೋಡಲು ಬಹಳ ಪರಿಣಾಮಕಾರಿ. ಔಷಧಿ ಅಂಗಡಿಯಲ್ಲಿ ಸಿಗುವ 3 ಶೇಕಡಾ ದ್ರಾವಣವನ್ನು ಹನಿಸಿದೊಡನೆ ಬಿಳಿ ನೊರೆ ಉಕ್ಕಿತು. ರಕ್ತದಲ್ಲಿರುವ ಕ್ಯಾಟಲೇಸ್ ಎಂಬ ಎಂಜೈಮ್ ಪೆರಾಕ್ಸೈಡನ್ನು ಒಡೆದು ಆಮ್ಲಜನಕ ಬಿಡಿಸುವುದರಿಂದ ಆ ನೊರೆ. ಕಲೆಯ ಬಣ್ಣವೂ ಬೇಗ ತಗ್ಗಿತು. ಆದರೆ ಇದು ರಕ್ತದ ಬಣ್ಣವನ್ನು ಕೆಡಿಸುವಂತೆ ಬಟ್ಟೆಯ ಬಣ್ಣವನ್ನೂ ಕೆಡಿಸಬಲ್ಲದು. ಇನ್ನೊಂದು ಅಪಾಯ ಕಣ್ಣಿಗೆ ಕಾಣುವಂಥದ್ದಲ್ಲ: ಕಬ್ಬಿಣದ ಅಂಶ ಇರುವೆಡೆ ಪೆರಾಕ್ಸೈಡ್ ಹತ್ತಿಯ ಎಳೆಯನ್ನೇ ಸವೆಸಬಲ್ಲದು, ಮತ್ತು ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣವಿದೆ. ಹಾಗಾಗಿ ತಣ್ಣೀರಿನಲ್ಲಿ ರಕ್ತವನ್ನೆಲ್ಲ ತೆಗೆದ ಮೇಲೆ ಉಳಿದ ನಸುಛಾಯೆಗೆ, ಬಿಳಿ ಬಟ್ಟೆಯ ಮೇಲೆ ಮಾತ್ರ, ಕೆಲವೇ ನಿಮಿಷ ಹಾಕಿ ತೊಳೆದುಬಿಡುವುದು ಸರಿ. ಕ್ಲೋರಿನ್ ಬ್ಲೀಚನ್ನು ನಾನು ಪ್ರಯತ್ನಿಸಲಿಲ್ಲ, ಪ್ರೋಟೀನಿನ ಕಲೆಯನ್ನು ಅದು ಹಳದಿಯಾಗಿಸಬಹುದೆಂಬ ಕಾರಣಕ್ಕೆ.

ರಾತ್ರಿಯಿಡೀ ಒಣಗಿದ ಪಟ್ಟಿಯಲ್ಲಿ ತಣ್ಣೀರು ಒಂದೇ ಸಾಲಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಪ್ರೋಟೀನಿನ ಬಲೆ ಹೆಣೆದುಕೊಳ್ಳುತ್ತದೆ, ಅದು ನೀರಿನಲ್ಲಿ ಕರಗುವುದಿಲ್ಲ. ಹಿಮೋಗ್ಲೋಬಿನ್ ಕೂಡ ಗಾಳಿಗೆ ಕಂದುಬಣ್ಣಕ್ಕೆ ತಿರುಗಿರುತ್ತದೆ. ಮೂರು ತಾಸು ತಣ್ಣೀರಿನಲ್ಲಿಟ್ಟ ಮೇಲೂ ಉಳಿದ ಕಲೆಗೆ, ಪ್ರೋಟೀನನ್ನು ತುಂಡರಿಸುವ ಪ್ರೋಟಿಯೇಸ್ ಎಂಜೈಮ್ ಇರುವ ಡಿಟರ್ಜೆಂಟನ್ನು ಕರಗಿಸಿ, ರಾತ್ರಿ ನೆನೆಸಿಟ್ಟೆ; ಬೆಳಿಗ್ಗೆ ತಿಕ್ಕಿದಾಗ ಬಿಟ್ಟುಹೋಯಿತು. ಡಬ್ಬಿಯ ಮೇಲೆ ಎಂಜೈಮ್ ಇದೆಯೆಂದು ಬರೆದಿರಬೇಕು, ಎಲ್ಲ ಪುಡಿಗಳಲ್ಲೂ ಇರುವುದಿಲ್ಲ. ರೇಷ್ಮೆ ಮತ್ತು ಉಣ್ಣೆ ಸ್ವತಃ ಪ್ರೋಟೀನಿನಿಂದಲೇ ಆದವು, ಆದ್ದರಿಂದ ಅವುಗಳಿಗೆ ಇದನ್ನು ಬಳಸಬಾರದು; ಹತ್ತಿಗೆ ಆ ಭಯವಿಲ್ಲ.

ಬಿಸಿನೀರಿನಲ್ಲಿ ಹಾಳಾದ ಮೊದಲ ಬೆಡ್‌ಶೀಟ್‌ನ ಕಲೆಗೂ ಇದೇ ಡಿಟರ್ಜೆಂಟನ್ನು ಎರಡು ರಾತ್ರಿ ಕೊಟ್ಟು ನೋಡಿದೆ. ಕಂದು ಸ್ವಲ್ಪ ತೆಳುವಾಯಿತು, ಆದರೆ ಅಂಚು ಹಾಗೆಯೇ ಉಳಿಯಿತು.

ಈಗ ನನ್ನ ಕ್ರಮ ಹೀಗಿದೆ. ಮಗನ ಮೂಗಿನ ರಕ್ತ ಸಾಮಾನ್ಯವಾಗಿ ಬೀಳುವುದು ನಡುರಾತ್ರಿ, ಆಗ ಔಷಧಿ ಹುಡುಕುವ ಸ್ಥಿತಿಯಲ್ಲಿ ನಾನಿರುವುದಿಲ್ಲ. ಬೆಡ್‌ಶೀಟ್ ಎಳೆದು, ಹಿಂಬದಿಯಿಂದ ನಲ್ಲಿ ಬಿಟ್ಟು, ತಣ್ಣೀರಿನ ಬಕೆಟ್ಟಿನಲ್ಲಿ ಮುಳುಗಿಸಿ ಮಲಗುತ್ತೇನೆ. ರಕ್ತ ಒಣಗಲು ಅವಕಾಶವಿಲ್ಲದ ಕಾರಣ ಬೆಳಿಗ್ಗೆ ನೀರು ಬದಲಿಸಿ ಸೋಪು ಹಚ್ಚಿದರೆ ಸಾಮಾನ್ಯವಾಗಿ ಮುಗಿಯುತ್ತದೆ. ಎಂಜೈಮ್ ಡಿಟರ್ಜೆಂಟಿನ ಸಣ್ಣ ಪೊಟ್ಟಣವೊಂದನ್ನು, ಬೆಳಗಾದ ಮೇಲಷ್ಟೇ ಕಣ್ಣಿಗೆ ಬಿದ್ದ ಕಲೆಗಳಿಗಾಗಿ, ತೆಗೆದಿಟ್ಟಿದ್ದೇನೆ. ಅದಕ್ಕಿಂತ ಹೆಚ್ಚಿನ ಖರ್ಚು ಈ ಕೆಲಸಕ್ಕೆ ಬೇಕೆಂದು ನನಗೆ ಅನ್ನಿಸಿಲ್ಲ. ಕಿಟಕಿಯ ಬೆಳಕಿನಲ್ಲಿ ನೋಡಿ, ಬೆರಳಾಡಿಸಿ, ಗೆರೆಯಿಲ್ಲವೆಂದು ಖಚಿತವಾಗುವವರೆಗೆ ಆ ಬೆಡ್‌ಶೀಟ್ ಮೇಲೆ ಇಸ್ತ್ರಿ ಇಡುವುದಿಲ್ಲ.