ಎಡ ಕಂಕುಳಿಗೊಂದು, ಬಲ ಕಂಕುಳಿಗೊಂದು

ಸಾಗರದಿಂದ ಮಂಗಳೂರಿಗೆ ವರ್ಗವಾಗಿ ಬಂದದ್ದು ಮಾರ್ಚ್ ತಿಂಗಳಲ್ಲಿ. ಘಟ್ಟದ ಮೇಲೆ ಬೆವರು ಬಂದರೂ ಗಾಳಿಗೆ ಆರುತ್ತದೆ, ಇಲ್ಲಿ ಆರುವುದೇ ಇಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲು ಕೈ ಎತ್ತುವುದಕ್ಕೇ ಸಂಕೋಚವಾಗಿ, ದಿನಕ್ಕೆರಡು ಸಲ ಡಿಯೋ ಸ್ಪ್ರೇ ಹೊಡೆದುಕೊಳ್ಳತೊಡಗಿದೆ. ಮೂರನೇ ವಾರಕ್ಕೆ ಎರಡೂ ಕಂಕುಳು ಕೆಂಪೇರಿ, ರಾತ್ರಿ ನಿದ್ದೆಯಲ್ಲಿ ತುರಿಸಿಕೊಂಡು, ಚರ್ಮ ತೆಳ್ಳಗೆ ಸಿಪ್ಪೆ ಏಳುವ ಸ್ಥಿತಿಗೆ ಬಂತು.

ಆಫೀಸಿನಲ್ಲಿ ಸಿಕ್ಕ ಸಲಹೆ ಒಂದೇ: "ಅಲ್ಯೂಮಿನಿಯಂ ಇರೋದು ಹಾಕ್ಬೇಡಿ ಮಾರಾಯ್ರೆ." ಮನೆಗೆ ಬಂದು ಡಬ್ಬಿಯ ಹಿಂದಿನ ಸಣ್ಣಕ್ಷರ ಓದಿದೆ. ಆಲ್ಕೋಹಾಲ್, ಡಬ್ಬಿಯಿಂದ ದ್ರವವನ್ನು ಹೊರಗೆ ಚಿಮ್ಮಿಸುವ ಬ್ಯೂಟೇನ್ ಪ್ರೊಪೇನ್ ಅನಿಲ, ಪರ್ಫ್ಯೂಮ್, ಅದರ ಹಿಂದೆ ಲಿಮೊನೀನ್, ಲಿನಲೂಲ್ ಎಂಬ ಸುಗಂಧದ ರಾಸಾಯನಿಕಗಳು. ಅಲ್ಯೂಮಿನಿಯಂ ಎಂಬ ಪದವೇ ಇಲ್ಲ. ನಾನು ಬಳಸುತ್ತಿದ್ದದ್ದು ಬರೀ ಡಿಯೋಡರೆಂಟ್, ಅದಕ್ಕೂ ಬೆವರು ನಿಲ್ಲುವುದಕ್ಕೂ ಸಂಬಂಧವೇ ಇರಲಿಲ್ಲ.

ಬೆವರಿಗೆ ತಾನಾಗಿ ಹೇಳಿಕೊಳ್ಳುವಂಥ ವಾಸನೆ ಇಲ್ಲ. ಕಂಕುಳಿನಲ್ಲಿ ಎರಡು ಬಗೆಯ ಗ್ರಂಥಿಗಳಿವೆ. ಒಂದು ಮೈಯೆಲ್ಲ ಇರುವಂಥದ್ದು, ಉಪ್ಪುನೀರು ಸುರಿಸುತ್ತದೆ. ಬಟ್ಟೆ ಒದ್ದೆಯಾಗುವುದು ಮುಖ್ಯವಾಗಿ ಇದರಿಂದ. ಇನ್ನೊಂದು ಹರೆಯಕ್ಕೆ ಬಂದ ಮೇಲೆ ಕೆಲಸ ಶುರು ಮಾಡುವ ಅಪೊಕ್ರೈನ್ ಗ್ರಂಥಿ. ಸ್ವಲ್ಪವೇ ಸ್ವಲ್ಪ ಮಂದ ದ್ರವ ಬಿಡುತ್ತದೆ. ಅದನ್ನು ಅಲ್ಲೇ ಬೀಡುಬಿಟ್ಟ ಬ್ಯಾಕ್ಟೀರಿಯಾಗಳು ಒಡೆದಾಗ ಈರುಳ್ಳಿ ಕೊಳೆತಂಥ ನಾತ ಹುಟ್ಟುತ್ತದೆ. ಡಿಯೋಡರೆಂಟ್ ಈ ಬ್ಯಾಕ್ಟೀರಿಯಾಗಳನ್ನು ಅಡಗಿಸುತ್ತದೆ, ಇಲ್ಲವೇ ಮೇಲೊಂದು ಪರಿಮಳ ಹೊದಿಸುತ್ತದೆ. ಆಂಟಿಪರ್ಸ್ಪಿರೆಂಟ್ ಬೆವರನ್ನೇ ತಡೆಯುತ್ತದೆ. ಅದರ ಅಲ್ಯೂಮಿನಿಯಂ ಲವಣ ಬೆವರಿನಲ್ಲಿ ಕರಗಿ, ಬೆವರುನಾಳದ ಬಾಯಲ್ಲಿ ಅಲ್ಲಿನ ಪ್ರೋಟೀನಿನ ಜೊತೆ ಸೇರಿ ಗಂಜಿಯ ಕೆನೆಯಂತೆ ಗಟ್ಟಿಯಾಗಿ ಕೂರುತ್ತದೆ. ನಾಲ್ಕಾರು ದಿನದಲ್ಲಿ ಚರ್ಮ ಸವೆದಂತೆ ಆ ಬಿರಡೆಯೂ ಉದುರುತ್ತದೆ, ಮತ್ತೆ ಹಚ್ಚಬೇಕಾಗುತ್ತದೆ.

ಹಾಗಾದರೆ ನನ್ನನ್ನು ಸುಟ್ಟದ್ದು ಯಾವುದು? ಚರ್ಮದ ಡಾಕ್ಟರು ಕೈ ಎತ್ತಿಸಿ ನೋಡಿ ಒಂದು ಮಾತು ಹೇಳಿದರು. "ಗುಳಿಯಲ್ಲೇ ಕೆಂಪಿದೆ ನೋಡಿ, ಅಂಚು ಚೆನ್ನಾಗಿದೆ. ಬಟ್ಟೆಯ ಬಣ್ಣದಿಂದ ಬಂದಿದ್ರೆ ಬಟ್ಟೆ ಉಜ್ಜೋ ಅಂಚಲ್ಲಿ ಏಳ್ತಿತ್ತು, ಗುಳಿ ಉಳೀತಿತ್ತು. ಇದು ನೀವೇ ಹಚ್ಚಿದ್ದು." ಐದು ದಿನ ಹಚ್ಚಲು ಒಂದು ಮುಲಾಮು ಕೊಟ್ಟು, ಎರಡು ವಾರ ಬೇರೇನನ್ನೂ ಹಚ್ಚಬೇಡಿ ಎಂದರು. ಆಮೇಲೆ ಹೊಸದೇನೇ ತಂದರೂ ಮೊದಲು ಮೊಣಕೈಯ ಒಳಮಡಿಕೆಯಲ್ಲಿ ನಾಣ್ಯದಷ್ಟು ಜಾಗಕ್ಕೆ ದಿನಕ್ಕೆರಡು ಬಾರಿಯಂತೆ ಏಳು ದಿನ ಹಚ್ಚಿ, ತೊಳೆಯದೆ ಬಿಟ್ಟು ನೋಡಬೇಕು. ಹಳೆಯ ಸ್ಪ್ರೇಯನ್ನೇ ಹಾಗೆ ಮಾಡಿ ನೋಡಿದೆ. ನಾಲ್ಕನೇ ದಿನ ಅಲ್ಲಿ ಸೊಳ್ಳೆ ಕಚ್ಚಿದಂಥ ಗುಳ್ಳೆಗಳು ಸಾಲಾಗಿ ಎದ್ದವು. ಪರಿಮಳದ ಮೇಲೆ ನನಗಿದ್ದ ಅನುಮಾನ ಅವತ್ತು ಗಟ್ಟಿಯಾಯಿತು. ಡಿಯೋದಿಂದ ಬರುವ ಅಲರ್ಜಿಯಲ್ಲಿ ಮುಖ್ಯ ಅಪರಾಧಿ ಸುಗಂಧವೇ, ಅಲ್ಯೂಮಿನಿಯಂ ಲವಣಕ್ಕೆ ನಿಜವಾದ ಅಲರ್ಜಿ ಅಪರೂಪ ಎಂದು ಡಾಕ್ಟರೂ ಹೇಳಿದರು.

ಕಂಕುಳು ವಾಸಿಯಾದ ಮೇಲೆ ಪರೀಕ್ಷೆಗೆ ಇಳಿದೆ. ಒಂದೇ ಮೈ, ಒಂದೇ ಸೆಕೆ, ಒಂದೇ ಬಸ್ಸು; ಆದ್ದರಿಂದ ಎಡಕ್ಕೊಂದು ಬಲಕ್ಕೊಂದು ಹಚ್ಚಿದರೆ ನ್ಯಾಯವಾದ ಹೋಲಿಕೆ. ಸಂಜೆ ಮನೆಗೆ ಬಂದೊಡನೆ ಕುರ್ತಾದ ಮೇಲಿನ ಒದ್ದೆ ಗುರುತನ್ನು ಗೇಣಿನಲ್ಲಿ ಅಳೆಯುತ್ತಿದ್ದೆ. ವಾಸನೆಗೆ ತಂಗಿಯ ಮೂಗು. ನಮ್ಮ ನಾತ ನಮಗೆ ಗೊತ್ತಾಗುವುದಿಲ್ಲ, ಮೂಗು ಒಗ್ಗಿಬಿಟ್ಟಿರುತ್ತದೆ. ಅವಳು ಕೈಗೊಂದು ರೂಲರ್ ಹಿಡಿದು, ಇಷ್ಟು ದೂರದಿಂದ ಮಾತ್ರ ಮೂಸುತ್ತೇನೆ ಎಂದು ಷರತ್ತು ಹಾಕಿದ್ದಳು.

ಬಲಕ್ಕೆ ಪರಿಮಳವಿಲ್ಲದ ಆಂಟಿಪರ್ಸ್ಪಿರೆಂಟ್ ರೋಲ್-ಆನ್, ಒಳಗೆ ಅಲ್ಯೂಮಿನಿಯಂ ಕ್ಲೋರೋಹೈಡ್ರೇಟ್. ಎಡಕ್ಕೆ ಎಲ್ಲರೂ ಹೊಗಳುವ 'ನ್ಯಾಚುರಲ್' ಕ್ರೀಮು: ತೆಂಗಿನೆಣ್ಣೆ, ಶಿಯಾ ಬೆಣ್ಣೆ, ಅಡುಗೆ ಸೋಡಾ. ವಾಸನೆಯ ಲೆಕ್ಕದಲ್ಲಿ ಮೊದಲ ಎರಡು ದಿನ ಕ್ರೀಮೇ ಮುಂದೆ, ಅದನ್ನು ಒಪ್ಪಬೇಕು. ತಂಗಿ ಎಡಕ್ಕೆ ಪೂರ್ತಿ ಅಂಕ ಕೊಟ್ಟಳು. ಒದ್ದೆ ಮಾತ್ರ ಎಡಗಡೆ ಗೇಣುದ್ದ. ಮೂರನೇ ದಿನ ಉರಿ ಶುರುವಾಯಿತು, ಐದನೇ ದಿನಕ್ಕೆ ಎಡ ಗುಳಿ ಕಂದುಗೆಂಪಾಗಿ ಒರಟಾಯಿತು. ವಿಚಿತ್ರವೆಂದರೆ ಮೊಣಕೈ ಪರೀಕ್ಷೆಯಲ್ಲಿ ಇದೇ ಕ್ರೀಮು ಏಳು ದಿನವೂ ಸುಮ್ಮನಿತ್ತು. ಕಾರಣ ಹುಡುಕಿದಾಗ ಅರ್ಥವಾಯಿತು: ಇದು ಅಲರ್ಜಿಯಲ್ಲ, ಸೋಡಾ ನೇರವಾಗಿ ಚರ್ಮವನ್ನು ಕೆಣಕಿ ಎಬ್ಬಿಸಿದ ಉರಿ. ಆರೋಗ್ಯವಂತ ಚರ್ಮ ಸ್ವಲ್ಪ ಹುಳಿ ಗುಣದ್ದು, ಪಿಎಚ್ 5ರ ಆಸುಪಾಸು. ಸೋಡಾ ದ್ರಾವಣದ್ದು 8ಕ್ಕೂ ಮೇಲೆ, ಅಂದರೆ ಕ್ಷಾರ. ಮೊಣಕೈ ಮಡಿಕೆಯಲ್ಲಿ ಅದು ಗಾಳಿಗೆ ಒಣಗುತ್ತದೆ. ಕಂಕುಳಲ್ಲಿ ಬೆವರಲ್ಲಿ ನೆನೆದು, ಚರ್ಮಕ್ಕೆ ಚರ್ಮ ಉಜ್ಜಿ, ಇಡೀ ದಿನ ಕೆಲಸ ಮಾಡುತ್ತದೆ. ಮೊಣಕೈ ಪರೀಕ್ಷೆ ಅಲರ್ಜಿಯನ್ನು ಹಿಡಿಯಬಲ್ಲದು, ಈ ಬಗೆಯ ಉರಿಯನ್ನು ಹಿಡಿಯಲಾರದು.

ಬಲಗಡೆಯ ಕಥೆಯೂ ನೆಟ್ಟಗಿರಲಿಲ್ಲ. ಮೊದಲ ವಾರ ನನಗೆ ಸಿಕ್ಕ ಒಣಗು ಏನೇನೂ ಸಾಲದು. ಬೆಳಿಗ್ಗೆ ಸ್ನಾನ ಮುಗಿಸಿ, ಗಡಿಬಿಡಿಯಲ್ಲಿ ಅರೆಒದ್ದೆ ಮೈಗೇ ಹಚ್ಚಿ, ಹತ್ತು ನಿಮಿಷದಲ್ಲಿ ಬಸ್‌ಸ್ಟಾಪಿನಲ್ಲಿ ಬೆವರುತ್ತಿದ್ದೆ. ನಾಳದೊಳಗೆ ಬಿರಡೆ ಕೂರುವ ಮುಂಚೆಯೇ ಬೆವರು ಅದನ್ನು ತೊಳೆದುಬಿಡುತ್ತಿತ್ತು. ಹಚ್ಚುವ ಹೊತ್ತು ರಾತ್ರಿ ಎಂದು ಡಾಕ್ಟರು ಹೇಳಿದ್ದನ್ನು ನಾನು ಕಿವಿಗೆ ಹಾಕಿಕೊಂಡಿರಲಿಲ್ಲ. ಮಲಗುವ ಮುಂಚೆ, ತೊಳೆದು, ಟವೆಲಿನಲ್ಲಿ ಒರೆಸಿ, ಐದು ನಿಮಿಷ ಫ್ಯಾನಿನ ಕೆಳಗೆ ಕೈ ಎತ್ತಿ ಕೂತು, ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಎರಡು ಎಳೆ. ರಾತ್ರಿ ಬೆವರು ಕಡಿಮೆ, ಲವಣಕ್ಕೆ ಕೂರಲು ಸಮಯ ಸಿಗುತ್ತದೆ. ಬೆಳಿಗ್ಗೆ ಸ್ನಾನ ಮಾಡಿದರೂ ಒಳಗಿನ ಬಿರಡೆ ಹೋಗುವುದಿಲ್ಲ, ಹೋಗುವುದು ಮೇಲಿನ ಅಂಟು ಮಾತ್ರ. ನಾಲ್ಕನೇ ರಾತ್ರಿಯ ಹೊತ್ತಿಗೆ ಬಲಗಡೆಯ ಒದ್ದೆ ಗೇಣಿನಿಂದ ಎರಡು ಬೆರಳಗಲಕ್ಕೆ ಇಳಿಯಿತು. ಪೂರ್ತಿ ನಿಲ್ಲಲಿಲ್ಲ, ನಿಲ್ಲುವುದೂ ಇಲ್ಲ. ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ ನಿಯಮದಲ್ಲಿ ಬೆವರು 20% ಇಳಿಸಿದರೂ ಆಂಟಿಪರ್ಸ್ಪಿರೆಂಟ್ ಎಂದು ಕರೆದುಕೊಳ್ಳಬಹುದು, 30% ಇಳಿಸಿದರೆ ಅದು 'ಹೆಚ್ಚು ಪರಿಣಾಮಕಾರಿ'.

ಒಂದು ರಾತ್ರಿ ಮಾತ್ರ ಬಲ ಕಂಕುಳು ಮೆಣಸಿನಕಾಯಿ ಉಜ್ಜಿದಂತೆ ಉರಿಯಿತು. ಕಾರಣ ಡಬ್ಬಿಯಲ್ಲಿರಲಿಲ್ಲ, ನನ್ನ ರೇಜರಿನಲ್ಲಿತ್ತು. ಆ ಸಂಜೆ ಕೂದಲು ತೆಗೆದು, ಅರ್ಧ ಗಂಟೆಯಲ್ಲೇ ಹಚ್ಚಿದ್ದೆ. ಈ ಲವಣ ನೀರಿನ ಸಂಗಡ ಸೇರಿದಾಗ ಕೊಂಚ ಆಮ್ಲವಾಗುತ್ತದೆ, ಕಣ್ಣಿಗೆ ಕಾಣದ ಗೀರುಗಳಲ್ಲಿ ಅದು ಉರಿಯದೆ ಬಿಡುತ್ತದೆಯೇ? ಕ್ಷೌರಕ್ಕೂ ಇದಕ್ಕೂ ಒಂದು ದಿನದ ಅಂತರ ಬಿಟ್ಟ ಮೇಲೆ ಉರಿ ಮರುಕಳಿಸಲಿಲ್ಲ. ಅತಿಯಾಗಿ ಬೆವರುವವರಿಗೆ ಡಾಕ್ಟರು ಬರೆದುಕೊಡುವ 20% ಅಲ್ಯೂಮಿನಿಯಂ ಕ್ಲೋರೈಡ್‌ ದ್ರಾವಣದಲ್ಲಿ ಈ ಆಮ್ಲ ಗುಣ ಇನ್ನೂ ಹೆಚ್ಚು. ನಮ್ಮ ಬ್ರಾಂಚಿನ ಒಬ್ಬರಿಗೆ ಅದು ಬೆವರು ನಿಲ್ಲಿಸಿತು, ಜೊತೆಗೆ ವಾರವಿಡೀ ತುರಿಕೆಯನ್ನೂ ಕೊಟ್ಟಿತು. ಕ್ಲೋರೋಹೈಡ್ರೇಟ್ ಅದಕ್ಕಿಂತ ಸೌಮ್ಯ, ಸೂಕ್ಷ್ಮ ಚರ್ಮದವರು ಮೊದಲು ಅದನ್ನೇ ನೋಡುವುದು ಒಳ್ಳೆಯದು.

ಎಡ ಕಂಕುಳು ವಾಸಿಯಾಗಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಅಮ್ಮ ಊರಿಂದ ಬಂದವಳು, "ಅದೆಂಥ ಡಬ್ಬಿ ಮಾರಾಯ್ತಿ, ಪಟಿಕ ಒರೆಸ್ಕೋ, ಅದ್ರಲ್ಲಿ ಯಾವ ಕೆಮಿಕಲ್ಲೂ ಇಲ್ಲ" ಎಂದಳು. ಗ್ರಂಧಿಗೆ ಅಂಗಡಿಯಲ್ಲಿ ಒಂದು ತುಂಡು ತಂದೆ. ಕ್ಷೌರದಂಗಡಿಯಲ್ಲಿ ಗೀರಿಗೆ ಹಚ್ಚುವ ಅದೇ ಕಲ್ಲು. ಅಂಚು ಚೂಪಾಗಿದ್ದರೆ ಗೀರುತ್ತದೆ, ಮೊದಲು ನೀರಲ್ಲಿ ತಿಕ್ಕಿ ಉರುಟು ಮಾಡಿಕೊಳ್ಳಬೇಕು. ಒದ್ದೆ ಕಲ್ಲನ್ನು ನಾಲ್ಕು ಸಲ ಎಳೆದು, ಒಣಗಲು ಬಿಡಬೇಕು. ಪಟಿಕವೆಂದರೆ ಪೊಟ್ಯಾಸಿಯಂ ಅಲ್ಯೂಮಿನಿಯಂ ಸಲ್ಫೇಟ್. ಅಲ್ಯೂಮಿನಿಯಂಗೆ ಹೆದರಿ 'ಕ್ರಿಸ್ಟಲ್ ಡಿಯೋ' ಹೆಸರಲ್ಲಿ ದುಬಾರಿ ಬೆಲೆಗೆ ಇದನ್ನೇ ಕೊಳ್ಳುವವರನ್ನು ನೋಡಿದಾಗ ನನಗೆ ನಗು ಬರುತ್ತದೆ. ಅದರಲ್ಲಿರುವುದೂ ಅಲ್ಯೂಮಿನಿಯಂ ಲವಣವೇ, ಆದರೆ ಬಿರಡೆ ಹಾಕುವ ಕೆಲಸಕ್ಕೆ ಅದು ಕ್ಲೋರೋಹೈಡ್ರೇಟಿನಷ್ಟು ಸಾಲದು. ನನಗೆ ಒದ್ದೆ ಹೆಚ್ಚುಕಡಿಮೆ ಹಾಗೇ ಉಳಿಯಿತು, ವಾಸನೆ ಮಧ್ಯಾಹ್ನ ಎರಡರವರೆಗೆ ತಡೆಯಿತು. ಉರಿ ಇಲ್ಲ. ಇಪ್ಪತ್ತು ರೂಪಾಯಿಗೆ ಅದು ದೊಡ್ಡ ಮಾತೇ.

ಕೊನೆಯ ಸುತ್ತಿಗೆ ಎಡಕ್ಕೆ ಅಲ್ಯೂಮಿನಿಯಂ ಇಲ್ಲದ, ಸೋಡಾ ಇಲ್ಲದ, ಪರಿಮಳವೂ ಇಲ್ಲದ ರೋಲ್-ಆನ್ ಡಿಯೋಡರೆಂಟ್. ಕೆಲಸ ಮಾಡುವುದು ಮೆಗ್ನೀಸಿಯಂ ಹೈಡ್ರಾಕ್ಸೈಡ್. ಅದೂ ಕ್ಷಾರವೇ, ಆದರೆ ನೀರಲ್ಲಿ ಬಹಳ ಕಡಿಮೆ ಕರಗುತ್ತದೆ, ಹಾಗಾಗಿ ಸೋಡಾದಂತೆ ಎಲ್ಲ ಒಮ್ಮೆಲೇ ಮೈಮೇಲೆ ಬೀಳುವುದಿಲ್ಲ. ಮೂರು ವಾರ ಹಚ್ಚಿದೆ, ಚರ್ಮ ಸುಮ್ಮನಿತ್ತು. ವಾಸನೆ ಸಂಜೆ ಐದರವರೆಗೆ ಇಲ್ಲ. ಒದ್ದೆ? ಅದು ಡಿಯೋಡರೆಂಟಿನ ಕೆಲಸವೇ ಅಲ್ಲವಲ್ಲ, ಮತ್ತೆ ಗೇಣುದ್ದ. ಇವನ್ನು ಕೊಳ್ಳುವಾಗ ಕಲಿತ ಒಂದು ಸೂಕ್ಷ್ಮ ಹೇಳುತ್ತೇನೆ: 'ಅನ್‌ಸೆಂಟೆಡ್' ಎಂದು ಬರೆದದ್ದರಲ್ಲಿ ಮೂಲ ವಾಸನೆ ಮುಚ್ಚಲೆಂದೇ ಸುಗಂಧ ಬೆರೆಸಿರಬಹುದು. ಬೇಕಾದ ಪದ 'ಫ್ರೇಗ್ರೆನ್ಸ್-ಫ್ರೀ'. ಅದಿದ್ದರೂ ಪಟ್ಟಿಯಲ್ಲಿ ಪರ್ಫ್ಯೂಮ್, ಲಿಮೊನೀನ್, ಎಸೆನ್ಷಿಯಲ್ ಆಯಿಲ್ ಇದೆಯೇ ಎಂದು ಕಣ್ಣಾಡಿಸುತ್ತೇನೆ. ಲ್ಯಾವೆಂಡರ್ ಎಣ್ಣೆ ಗಿಡದಿಂದಲೇ ಬಂದದ್ದಾದರೂ ನನ್ನ ಚರ್ಮಕ್ಕೆ ಅದು ಪರ್ಫ್ಯೂಮೇ.

ಕ್ಯಾನ್ಸರಿನ ಭಯದ ಬಗ್ಗೆ ಡಾಕ್ಟರನ್ನು ಕೇಳದೆ ಇರಲಿಲ್ಲ. ಆಂಟಿಪರ್ಸ್ಪಿರೆಂಟಿಗೂ ಸ್ತನ ಕ್ಯಾನ್ಸರಿಗೂ ನಂಟಿದೆ ಎಂದು ಸಂಶೋಧನೆಗಳಿಂದ ಸಿದ್ಧವಾಗಿಲ್ಲ, ಚರ್ಮದ ಮೂಲಕ ಒಳಗಿಳಿಯುವ ಅಲ್ಯೂಮಿನಿಯಂ ಅತ್ಯಲ್ಪ ಎಂದರು. ಆದರೆ ಎರಡು ಎಚ್ಚರಿಕೆ ಕೊಟ್ಟರು. ಮೂತ್ರಪಿಂಡದ ಕಾಯಿಲೆ ಇರುವವರು ಕೇಳಿಯೇ ಬಳಸಬೇಕು, ದೇಹದಿಂದ ಅಲ್ಯೂಮಿನಿಯಂ ಹೊರಹೋಗುವ ದಾರಿ ಅದೇ. ಮ್ಯಾಮೊಗ್ರಾಂ ದಿನ ಕಂಕುಳಿಗೆ ಏನೂ ಹಚ್ಚಿಕೊಂಡು ಹೋಗಬಾರದು, ಲವಣದ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಗಳಂತೆ ಮೂಡಿ ದಾರಿ ತಪ್ಪಿಸುತ್ತವೆ.

ಈಗ ನನ್ನ ಕಪಾಟಿನಲ್ಲಿ ಎರಡಿವೆ. ಮಂಗಳೂರಿನ ಸೆಕೆಗಾಲದಲ್ಲಿ, ಒದ್ದೆಯೇ ಮುಜುಗರವಾಗಿರುವಾಗ, ಕ್ಲೋರೋಹೈಡ್ರೇಟ್ ವಾರಕ್ಕೆ ಮೂರು ರಾತ್ರಿ. ಆರಂಭದಲ್ಲಿ ದಿನಾ ಬೇಕಿತ್ತು, ಈಗ ಅಷ್ಟೇ ಸಾಕು. ಡಿಸೆಂಬರಿನಲ್ಲಿ ಊರಿಗೆ ಹೋದಾಗ ಮೆಗ್ನೀಸಿಯಂದು. ಕ್ಲೋರೋಹೈಡ್ರೇಟಿನ ಮೇಲೆ ನನಗುಳಿದಿರುವ ತಕರಾರು ಒಂದೇ, ಬಿಳಿ ಕುರ್ತಾದ ಕಂಕುಳಲ್ಲಿ ಮೂಡುವ ಹಳದಿ ಕಲೆ. ಅದು ಲವಣ ಬೆವರಿನ ಜೊತೆ ಬಟ್ಟೆಯಲ್ಲಿ ಕಚ್ಚಿಕೊಂಡದ್ದು. ಬ್ಲೀಚ್ ಹಾಕಿದೆ, ಇನ್ನೂ ಹಳದಿಯಾಯಿತು. ಈಗ ಒಗೆಯುವ ಮುಂಚೆ ಅರ್ಧ ಗಂಟೆ ವಿನೆಗರ್ ಬೆರೆಸಿದ ನೀರಲ್ಲಿ ನೆನೆಸಿಡುತ್ತೇನೆ. ಹೊಸ ಕಲೆ ಹೋಗುತ್ತದೆ, ಹಳೆಯದು ಹೋಗಿಲ್ಲ. ಆ ಕುರ್ತಾದ ಮೇಲೆ ದುಪಟ್ಟಾ ಹೊದ್ದು ಓಡಾಡುತ್ತಿದ್ದೇನೆ.